ಮುಗಿಸುತ್ತೇನೆ, ಮುಗಿಸಿಯೇನು

ಮೊದಲನೇ ಸಂಪುಟದ ಕೆಲಸದಲ್ಲಿ ನಾನು ಐದು ದಿನ ಕದ್ದೆ. ಯಾರಿಗೂ ಗೊತ್ತಾಗಲಿಲ್ಲ. ಹಳ್ಳಿಗಳಲ್ಲಿ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತೆಯರಿಗಾಗಿ ಒಂದು ಸಂಸ್ಥೆ ಇಂಗ್ಲಿಷಿನಲ್ಲಿ ಬರೆಸಿದ್ದ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಅದು. ಮೊದಲ ಭಾಗ ನನ್ನದು, ಎರಡನೇ ಭಾಗ ಹೈದರಾಬಾದಿನಲ್ಲಿರುವ ಗೆಳತಿಯದು. ನನ್ನ ಭಾಗಕ್ಕೆ 20 ದಿನ ಬೇಕು ಎಂದು ಬರೆದುಕೊಟ್ಟಿದ್ದೆ, 15ನೇ ದಿನ ಸಂಜೆ ಮುಗಿಯಿತು. ಕಡತವನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡು, ಇನ್ನೊಬ್ಬರ ಸಣ್ಣ ಕೆಲಸವೊಂದನ್ನು ಮಾಡಿ, 20ನೇ ದಿನ ಬೆಳಿಗ್ಗೆ ಕಳಿಸಿದೆ.

ಹಾಗೇಕೆ ಮಾಡಿದೆ ಎಂದು ಸ್ವತಂತ್ರವಾಗಿ ದುಡಿಯುವವರು ಯಾರೂ ಕೇಳಲಾರರು. 15 ದಿನಕ್ಕೆ ಕೊಟ್ಟರೆ ಮುಂದಿನ ಸಲ 15 ಎಂದೇ ಬರೆಯುತ್ತಾರೆ. ಅದರ ಮುಂದಿನ ಸಲ ಮಗುವಿಗೆ ಜ್ವರ ಬಂದೀತು, ಕರೆಂಟ್ ಹೋದೀತು, ಮೂಲದಲ್ಲಿ ಯಾರಿಗೂ ಅರ್ಥವಾಗದ ಅಧ್ಯಾಯವೊಂದು ಸಿಕ್ಕೀತು. ಆಗ ನಾನು ತಡಮಾಡಿದವಳು. ಉಳಿಸಿದ ದಿನಕ್ಕೆ ಕಾಸಿಲ್ಲ, ಮೀರಿದ ದಿನಕ್ಕೆ ದಂಡವಿದೆ ಎಂದರೆ ಯಾರಾದರೂ ಏನು ಮಾಡುತ್ತಾರೆ?

ದಂಡ ಬಂತು. ಯೋಜನೆಯ ಪ್ರಕಾರ 66 ಕೆಲಸದ ದಿನಗಳಲ್ಲಿ ಮುಗಿಯಬೇಕಿದ್ದ ಸಂಪುಟ 81 ದಿನ ತೆಗೆದುಕೊಂಡಿತು. ಸಂಸ್ಥೆಯವರು ಒಟ್ಟು ಮೊತ್ತದಲ್ಲಿ ಹತ್ತನೇ ಒಂದು ಭಾಗ ಹಿಡಿದುಕೊಂಡರು. ಗೆಳತಿ ತನ್ನ ಭಾಗವನ್ನು ಎರಡು ದಿನ ತಡವಾಗಿ ಕೊಟ್ಟಿದ್ದಳು. "ನೀನು ಆ ಎರಡು ದಿನ ತಿನ್ನದೇ ಇದ್ದಿದ್ರೆ ಇಷ್ಟು ಆಗ್ತಿರ್ಲಿಲ್ಲ ನೋಡು" ಎಂದು ನಾನು ಫೋನಿನಲ್ಲಿ ಅಂದೆ. ಅವಳು ಏನೂ ಹೇಳಲಿಲ್ಲ. ಅದಾದ ಮೇಲೆ ನಾಲ್ಕು ತಿಂಗಳು ನಮ್ಮ ನಡುವೆ ಹಬ್ಬದ ಶುಭಾಶಯಗಳ ಹೊರತು ಮಾತಿರಲಿಲ್ಲ.

ಈ ಲೆಕ್ಕದಲ್ಲಿ ಯಾರ ಎರಡು ದಿನ, ಯಾರ ಐದು ದಿನ ನಿಜವಾಗಿ ಏನು ಮಾಡಿದವು ಎನ್ನುವುದು ನನಗೆ ಗೊತ್ತಾದದ್ದು ಇನ್ನೊಂದು ಅನುವಾದದ ನಡುವೆ. ಯೋಜನಾ ನಿರ್ವಹಣೆಯ ಕುರಿತ ಪಾಠಗಳ ಉಪಶೀರ್ಷಿಕೆಗಳನ್ನು ಕನ್ನಡಕ್ಕೆ ಮಾಡುತ್ತಿದ್ದೆ. ಅದರಲ್ಲಿ 'ಕ್ರಿಟಿಕಲ್ ಚೈನ್' ಎಂಬ ಪಾಠವಿತ್ತು. 'ಬಫರ್' ಎಂಬ ಪದಕ್ಕೆ ಏನು ಹಾಕಲಿ ಎಂದು ಎರಡು ದಿನ ಒದ್ದಾಡಿ ಕೊನೆಗೆ 'ಮೀಸಲು' ಎಂದು ಬರೆದೆ. ಈ ಪದ ಹುಡುಕುವ ನೆಪದಲ್ಲೇ ವಿಷಯ ಮನಸ್ಸಿಗೆ ಹತ್ತಿತು.

ಈ ವಿಧಾನ ಎಲಿಯಾಹು ಗೋಲ್ಡ್‌ರಾಟ್ ಅವರದು. ಇಸ್ರೇಲಿನವರು, ಓದಿದ್ದು ಭೌತಶಾಸ್ತ್ರ. ಕಾರ್ಖಾನೆಯ ನಿರ್ವಹಣೆಯನ್ನು ಕಾದಂಬರಿಯಾಗಿ ಬರೆದ 'ದ ಗೋಲ್' 1984ರಲ್ಲಿ ಬಂತು. 1997ರಲ್ಲಿ ಬಂದ 'ಕ್ರಿಟಿಕಲ್ ಚೈನ್' ಕೂಡ ಕಾದಂಬರಿಯೇ. ಅದಕ್ಕೂ ನಲವತ್ತು ವರ್ಷ ಮೊದಲೇ, 1950ರ ದಶಕದ ಕೊನೆಗೆ, ಯೋಜನೆಗಳನ್ನು ಬಾಣಗಳ ಜಾಲವಾಗಿ ಬರೆದು ಅದರಲ್ಲಿ ಅತಿ ಉದ್ದದ ದಾರಿಯನ್ನು ಹುಡುಕುವ 'ಕ್ರಿಟಿಕಲ್ ಪಾತ್' ವಿಧಾನ ಬಂದಿತ್ತು. ಆ ದಾರಿಯ ಮೇಲಿನ ಯಾವ ಕೆಲಸ ಒಂದು ದಿನ ತಡವಾದರೂ ಇಡೀ ಯೋಜನೆ ಒಂದು ದಿನ ತಡ. ಗೋಲ್ಡ್‌ರಾಟ್ ಇದಕ್ಕೆ ಎರಡು ಮಾತು ಸೇರಿಸಿದರು. ಒಂದು, ಕೆಲಸಗಳಷ್ಟೇ ಅಲ್ಲ, ಕೆಲಸ ಮಾಡುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಬ್ಬರೇ ಎರಡು ಕೆಲಸ ಮಾಡಬೇಕಾದರೆ ಒಂದು ಮುಗಿಯುವವರೆಗೆ ಇನ್ನೊಂದು ಕಾಯಲೇಬೇಕು. ಎರಡು, ಪ್ರತಿಯೊಬ್ಬರೂ ತಮ್ಮ ತಮ್ಮ ಅಂದಾಜಿನೊಳಗೆ ಬಚ್ಚಿಟ್ಟ ಹೆಚ್ಚುವರಿ ದಿನಗಳನ್ನು ಹೊರತೆಗೆದು, ಒಟ್ಟುಮಾಡಿ, ಎಲ್ಲರಿಗೂ ಸೇರಿದ ಒಂದೇ ಮೀಸಲಾಗಿ ಯೋಜನೆಯ ಕೊನೆಯಲ್ಲಿ ಇಡಿ.

ಬಚ್ಚಿಟ್ಟ ದಿನಗಳು ಎಂದರೆ ಏನು ಎಂದು ಮೊದಲು ನೋಡಬೇಕು. ಪುಣೆಯ ಕೋಥ್ರೂಡಿನಿಂದ ರೈಲ್ವೆ ಸ್ಟೇಷನ್ನಿಗೆ ಎಷ್ಟು ಹೊತ್ತು ಎಂದು ಸುಮ್ಮನೆ ಕೇಳಿದರೆ ನಾನು ಮುಕ್ಕಾಲು ಗಂಟೆ ಎನ್ನುತ್ತೇನೆ. ಊರಿನ ರೈಲು ಹಿಡಿಯಬೇಕಾದಾಗ ಒಂದೂವರೆ ಗಂಟೆ ಮೊದಲೇ ಹೊರಡುತ್ತೇನೆ. ಎರಡೂ ಸುಳ್ಳಲ್ಲ. ಮೊದಲನೆಯದು ಎರಡು ಸಲಕ್ಕೆ ಒಂದು ಸಲ ಸಾಲುವ ಹೊತ್ತು, ಎರಡನೆಯದು ಹತ್ತರಲ್ಲಿ ಒಂಬತ್ತು ಸಲ ಸಾಲುವ ಹೊತ್ತು. ಎರಡರ ನಡುವೆ ಇಷ್ಟು ಅಂತರವಿರುವುದಕ್ಕೆ ಕಾರಣ, ದಾರಿ ಚೆನ್ನಾಗಿದ್ದರೆ ಉಳಿಯುವುದು ಹತ್ತು ನಿಮಿಷ, ಕೆಟ್ಟರೆ ಹೋಗುವುದು ಒಂದು ಗಂಟೆ. ತಡವಾಗುವುದಕ್ಕೆ ಮೇಲ್ಮಿತಿ ಇಲ್ಲ. ಯಾರನ್ನಾದರೂ "ಯಾವಾಗ ಕೊಡ್ತೀರಿ?" ಎಂದು ಕೇಳಿದರೆ, ತಪ್ಪಿದರೆ ಬೈಗುಳ ತಿನ್ನಬೇಕು ಎಂದು ಗೊತ್ತಿರುವ ಯಾರೇ ಆದರೂ ರೈಲಿನ ಲೆಕ್ಕವನ್ನೇ ಹೇಳುತ್ತಾರೆ.

ಇಲ್ಲಿ ನನಗೆ ಭಾಷಾಶಾಸ್ತ್ರದ ಹಳೆಯ ಚಟ ಅಡ್ಡ ಬಂತು. ಕನ್ನಡದಲ್ಲಿ 'ಮುಗಿಸುತ್ತೇನೆ' ಎಂಬ ಒಂದೇ ರೂಪ ಮಾತು ಕೊಡುವುದಕ್ಕೂ ಬರುತ್ತದೆ, ಬರೀ ಮುನ್ನೋಟಕ್ಕೂ ಬರುತ್ತದೆ. ಆದರೆ ನಮಗೆ ಇನ್ನೊಂದು ರೂಪವೂ ಇದೆ. ವ್ಯಾಕರಣದವರು ಸಂಭಾವನಾರ್ಥಕ ಎಂದು ಕರೆಯುವುದು: ಬಂದೇನು, ಮಾಡಿಯಾನು, ಮಳೆ ಬಂದೀತು. 'ಹತ್ತು ದಿನದಲ್ಲಿ ಮುಗಿಸುತ್ತೇನೆ' ಎಂದವಳನ್ನು ಹನ್ನೊಂದನೇ ದಿನ ಹಿಡಿದು ಕೇಳಬಹುದು. 'ಹತ್ತು ದಿನದಲ್ಲಿ ಮುಗಿಸಿಯೇನು' ಎಂದವಳನ್ನು ಕೇಳುವಂತಿಲ್ಲ, ಅವಳು ಮಾತು ಕೊಟ್ಟೇ ಇಲ್ಲ. ಗೋಲ್ಡ್‌ರಾಟ್ ಕೇಳುತ್ತಿರುವುದು ಈ ಎರಡನೇ ರೂಪದ ಅಂಕಿ. ನಾವೋ ಎಲ್ಲರಿಂದಲೂ ಮೊದಲನೇ ರೂಪದಲ್ಲಿ ಬರೆಸಿಕೊಳ್ಳುತ್ತೇವೆ, ಆಮೇಲೆ ಅಂದಾಜು ಎಂದು ಕರೆಯುತ್ತೇವೆ. (ಮಾತಿನಲ್ಲಿ ಈ ರೂಪ ಈಗ ಕಡಿಮೆಯಾಗುತ್ತಿದೆ, ಪುಣೆಯಲ್ಲಿ ಬೆಳೆಯುವ ನನ್ನ ಮಗನ ಕನ್ನಡದಲ್ಲಂತೂ ಇಲ್ಲವೇ ಇಲ್ಲ. ಅದು ಬೇರೆ ದುಃಖ.)

ಹಾಗಾದರೆ ಮೊದಲನೇ ಸಂಪುಟದಲ್ಲಿ ಪ್ರತಿಯೊಬ್ಬರೂ ರೈಲಿನ ಲೆಕ್ಕ ಹೇಳಿದ್ದರೂ 15 ದಿನ ಹೇಗೆ ತಡವಾಯಿತು? ಉಳಿದದ್ದು ಮುಂದಕ್ಕೆ ಹೋಗುವುದಿಲ್ಲ, ಮೀರಿದ್ದು ಮಾತ್ರ ಹೋಗುತ್ತದೆ. ನಾನು ಬೇಗ ಮುಗಿಸಿದ ಐದು ದಿನ ನನ್ನ ಲ್ಯಾಪ್‌ಟಾಪಿನಲ್ಲಿ ಸತ್ತವು. ಬಿಡುವಿದೆ ಎಂದು ಗೊತ್ತಿದ್ದವರು ಕೊನೆಯ ವಾರದವರೆಗೆ ಶುರುವೇ ಮಾಡುವುದಿಲ್ಲ, ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗರ ಹಾಗೆ. ಗೋಲ್ಡ್‌ರಾಟ್ ಇದನ್ನು ವಿದ್ಯಾರ್ಥಿಯ ರೋಗ ಎಂದೇ ಕರೆದರು. ಹೀಗೆ ಬಿಡುವೆಲ್ಲ ಕೆಲಸದ ಮೊದಲೇ ಖರ್ಚಾಗಿ, ನಿಜವಾದ ತೊಂದರೆ ಬರುವ ಹೊತ್ತಿಗೆ ಕೈ ಖಾಲಿ.

ಇನ್ನೊಂದು ಕಾರಣ ನಮ್ಮ ಡಾಕ್ಟರು. ಕೈಪಿಡಿಯಲ್ಲಿನ ವೈದ್ಯಕೀಯ ವಿಷಯವನ್ನು ಪರಿಶೀಲಿಸಲು ಕನ್ನಡ ಚೆನ್ನಾಗಿ ಬಲ್ಲ ಒಬ್ಬರೇ ಡಾಕ್ಟರು ನಮಗಿದ್ದದ್ದು. ಅವರು ಚೆನ್ನೈನಲ್ಲಿ ಆಸ್ಪತ್ರೆ ಮುಗಿಸಿಕೊಂಡು ರಾತ್ರಿ ಓದುತ್ತಿದ್ದರು. ಹಳೆಯ ಯೋಜನೆಯನ್ನು ಈಗ ಮತ್ತೆ ಬರೆದು ನೋಡಿದೆ. ಪದಪಟ್ಟಿ 6 ದಿನ. ಆಮೇಲೆ ಎರಡು ದಾರಿ: ನನ್ನ ಭಾಗ 20, ಅದರ ಪರಿಶೀಲನೆ 16, ಗೆಳತಿಯ ಭಾಗ 24, ಅದರ ಪರಿಶೀಲನೆ 12. ಎರಡೂ ದಾರಿ ಸರಿಯಾಗಿ 42ನೇ ದಿನಕ್ಕೆ ಮುಗಿಯುತ್ತವೆ. ಆಮೇಲೆ ತಿದ್ದುಪಡಿ 6, ಡಿಟಿಪಿ 12, ಕೊನೆಯ ಪ್ರೂಫ್ 6, ಒಟ್ಟು 66. ಹಾಳೆಯ ಮೇಲೆ ಎಷ್ಟು ಚೆಂದ! ಆದರೆ ಎರಡೂ ಭಾಗ ಓದಬೇಕಾದವರು ಒಬ್ಬರೇ. 16 ಮತ್ತು 12 ದಿನ ಅಕ್ಕಪಕ್ಕ ನಡೆಯಲಾರವು, ಒಂದರ ಹಿಂದೆ ಒಂದು ನಡೆಯಬೇಕು. ಅಂದರೆ ಯೋಜನೆ ಶುರುವಾಗುವ ದಿನವೇ ಅದು 66 ದಿನದ್ದಲ್ಲ, 78 ದಿನದ್ದಾಗಿತ್ತು. ನಾವು ಯಾರೂ ನೋಡಲಿಲ್ಲ. ಉಳಿದ ಮೂರು ದಿನ ಡಿಟಿಪಿಯಲ್ಲಿ ಹೋಯಿತು.

ಈಗ ಆ ಸರಪಳಿಯನ್ನು ಹಿಡಿದು ನಡೆದು ನೋಡಿ. ಪದಪಟ್ಟಿ, ನನ್ನ ಭಾಗ, ನನ್ನ ಭಾಗದ ಪರಿಶೀಲನೆ, ಅಲ್ಲಿಂದ ಗೆಳತಿಯ ಭಾಗದ ಪರಿಶೀಲನೆಗೆ ಜಿಗಿತ, ಆಮೇಲೆ ತಿದ್ದುಪಡಿ, ಡಿಟಿಪಿ, ಪ್ರೂಫ್. ನಡುವಿನ ಆ ಜಿಗಿತಕ್ಕೆ ವಿಷಯದ ಸಂಬಂಧವೇನೂ ಇಲ್ಲ, ಅದೇ ಮನುಷ್ಯ ಎನ್ನುವುದಷ್ಟೇ ಸಂಬಂಧ. ಕ್ರಿಟಿಕಲ್ ಪಾತ್ ಅಲ್ಲ, ಕ್ರಿಟಿಕಲ್ ಚೈನ್ ಎನ್ನುವುದು ಇದಕ್ಕೇ. ಗೆಳತಿಯ ಅನುವಾದ ಈ ಸರಪಳಿಯ ಮೇಲೆ ಇಲ್ಲವೇ ಇಲ್ಲ. ಅವಳು 30ನೇ ದಿನದ ಬದಲು 32ನೇ ದಿನ ಕೊಟ್ಟಳು, ಸರಿ. ಆದರೆ ಡಾಕ್ಟರು ನನ್ನ ಭಾಗ ಮುಗಿಸಿ ಕೈ ಖಾಲಿ ಮಾಡಿಕೊಳ್ಳುವುದೇ 42ನೇ ದಿನ. ಇನ್ನೂ ಹತ್ತು ದಿನ ತಡವಾಗಿ ಕೊಟ್ಟಿದ್ದರೂ ಪುಸ್ತಕ ಅದೇ ದಿನ ಮುಗಿಯುತ್ತಿತ್ತು. ನನ್ನ ಭಾಗವಾದರೋ ಸರಪಳಿಯ ನಡುಮಧ್ಯದಲ್ಲಿತ್ತು. ಮುಗಿದ ಸಂಜೆಯೇ ಕಳಿಸಿದ್ದರೆ ಡಾಕ್ಟರು ಐದು ದಿನ ಮೊದಲು ಶುರು ಮಾಡುತ್ತಿದ್ದರು, ಪುಸ್ತಕ 76ನೇ ದಿನಕ್ಕೆ ಆಗುತ್ತಿತ್ತು.

ಆ ರಾತ್ರಿ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಐದು ದಿನದ ವಿಷಯವನ್ನೂ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಎಷ್ಟೋ ಸಲ ಹಂಗೇ ಮಾಡಿದೀನಿ ಕಣೇ" ಅಂದಳು. ಆಮೇಲೆ ನಕ್ಕಳು. "ಆದ್ರೆ ಆ ಸಲ ಮಾಡಿರ್ಲಿಲ್ಲ, ಆ ಸಲ ನಿಜವಾಗ್ಲೂ ತಡ ಆಗಿತ್ತು."

ಅಷ್ಟರಲ್ಲಿ ಎರಡನೇ ಸಂಪುಟದ ಮಾತು ಬಂದಿತ್ತು. ಅಷ್ಟೇ ಪುಟ, ಅದೇ ಜನ, ಆದರೆ ಈ ಸಲ 60 ಕೆಲಸದ ದಿನ. ಆಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಸಂಸ್ಥೆಯವರು ವಿನಯವಾಗಿಯೇ ಹೇಳಿದ್ದರು.

ನಾನು ನಾಲ್ವರನ್ನೂ ಒಬ್ಬೊಬ್ಬರಾಗಿ ಫೋನಿನಲ್ಲಿ ಹಿಡಿದೆ. ಹಳೆಯ ಅಂಕಿಗಳನ್ನು ಓದಿ ಹೇಳಿ, ಎಲ್ಲ ಸರಿಯಾಗಿ ನಡೆದರೆ, ಬೇರೆ ಕೆಲಸ ಅಡ್ಡ ಬರದಿದ್ದರೆ, ಎರಡು ಸಲಕ್ಕೆ ಒಂದು ಸಲ ಎಷ್ಟು ದಿನದಲ್ಲಿ ಮುಗಿದೀತು ಎಂದು ಕೇಳಿದೆ. ಈ ಅಂಕಿ ತಪ್ಪಿದರೆ ನಿಮ್ಮನ್ನು ಯಾರೂ ಕೇಳುವುದಿಲ್ಲ, ಸಂಸ್ಥೆಯವರಿಗೆ ಇದು ಹೋಗುವುದೂ ಇಲ್ಲ, ಇದು ತಪ್ಪುತ್ತದೆ ಎಂದೇ ನಾನು ನಂಬಿದ್ದೇನೆ ಎಂದೂ ಹೇಳಿದೆ. ಡಾಕ್ಟರು, "ಹಾಗಾದ್ರೆ ಅರ್ಧ ಹಾಕ್ಕೊಳ್ಳಿ" ಎಂದರು. ಗೆಳತಿಯೂ ಹೆಚ್ಚುಕಡಿಮೆ ಅರ್ಧವೇ ಹೇಳಿದಳು. ಗೋಲ್ಡ್‌ರಾಟ್ ಹೇಳುವುದೂ ಅರ್ಧವೇ. ಅದು ಸೂತ್ರವಲ್ಲ, ಕೈಯಳತೆ. ಡಿಟಿಪಿಯವರು ಮಾತ್ರ, "ಮೇಡಂ, ನನ್ನದು ಪುಟಕ್ಕಿಷ್ಟು ಅಂತ ಲೆಕ್ಕ. ಹನ್ನೆರಡು ಅಂದ್ರೆ ಹನ್ನೆರಡೇ. ಅದ್ರಲ್ಲಿ ಗಾಳಿ ಇಲ್ಲ" ಎಂದರು. ನಾನು ಕೇಳಿಸಿಕೊಂಡೆ, ಆದರೂ 6 ಎಂದು ಬರೆದೆ. ಇದಕ್ಕೆ ಆಮೇಲೆ ಬರುತ್ತೇನೆ.

ಹೊಸ ಸರಪಳಿ ಹೀಗಾಯಿತು: ಪದಪಟ್ಟಿ 3, ನನ್ನ ಭಾಗ 10, ಅದರ ಪರಿಶೀಲನೆ 8, ಗೆಳತಿಯ ಭಾಗದ ಪರಿಶೀಲನೆ 6, ತಿದ್ದುಪಡಿ 3, ಡಿಟಿಪಿ 6, ಪ್ರೂಫ್ 3. ಒಟ್ಟು 39. ಹಳೆಯ 78ರಿಂದ 39 ದಿನ ಹೊರಬಂದವು. ಇದರಲ್ಲಿ ಅರ್ಧ, ಅಂದರೆ 20 ದಿನ, ಕೊನೆಯಲ್ಲಿ ಮೀಸಲು. 39 ಮತ್ತು 20 ಸೇರಿ 59.

ಹೊರಬಂದ 39 ದಿನಕ್ಕೆ 20 ಹೇಗೆ ಸಾಕಾಗುತ್ತದೆ? ಇದು ನನಗೂ ಮೊದಲು ಕಣ್ಕಟ್ಟಿನ ಹಾಗೆ ಕಂಡಿತು. ಕಾರಣ ಸರಳ. ಏಳು ಕೆಲಸಗಳಲ್ಲಿ ಏಳೂ ಒಂದೇ ಸಲ ಪೂರ್ತಿ ಕೆಡುವುದು ಅಪರೂಪ. ಕೆಲವು ಮೀರುತ್ತವೆ, ಕೆಲವು ಉಳಿಸುತ್ತವೆ. ಏಳು ಮನೆಯವರು ತಮ್ಮ ತಮ್ಮ ಮನೆಯಲ್ಲಿ ಆಸ್ಪತ್ರೆ ಖರ್ಚಿಗೆ ಎಂದು ದುಡ್ಡು ಎತ್ತಿಡುವುದಕ್ಕೂ, ಒಂದೇ ನಿಧಿಗೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇದೇ. ಲೆಕ್ಕ ಇಷ್ಟಪಡುವವರು ಇನ್ನೊಂದು ದಾರಿ ಹಿಡಿಯುತ್ತಾರೆ. ಪ್ರತಿ ಕೆಲಸದಿಂದ ತೆಗೆದ ದಿನಗಳನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುವುದು. ನಮ್ಮ ಏಳು ಅಂಕಿಗಳಿಗೆ ಅದು ಸುಮಾರು 16 ಬರುತ್ತದೆ. ಆದರೆ ಒಂದರ ತೊಂದರೆಗೂ ಇನ್ನೊಂದರ ತೊಂದರೆಗೂ ಸಂಬಂಧವಿಲ್ಲ ಎಂದು ಹಿಡಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಅನುವಾದದಲ್ಲಿ ಸಂಬಂಧವಿದ್ದೇ ಇದೆ. ಪದಪಟ್ಟಿ ಕೆಟ್ಟರೆ ಅನುವಾದ, ಪರಿಶೀಲನೆ, ತಿದ್ದುಪಡಿ ಮೂರೂ ಒಟ್ಟಿಗೆ ಕೆಡುತ್ತವೆ. ಹಾಗಾಗಿ ನಾನು 20ನ್ನೇ ಇಟ್ಟುಕೊಂಡೆ.

ಗೆಳತಿಯ ಭಾಗಕ್ಕೂ ಒಂದು ಸಣ್ಣ ಮೀಸಲು ಬೇಕಿತ್ತು. ಅವಳ ಅನುವಾದ ಸರಪಳಿಯ ಮೇಲಿಲ್ಲ, ಆದರೆ ಸರಪಳಿಗೆ ಬಂದು ಸೇರುತ್ತದೆ. ಸೇರುವ ಜಾಗದಲ್ಲಿ ಅದು ತಡವಾದರೆ ಸರಪಳಿಯೇ ನಿಲ್ಲುತ್ತದೆ. ಅವಳ 12 ದಿನಕ್ಕೆ 6 ದಿನದ ಮೀಸಲು ಇಟ್ಟೆ. ಪದಪಟ್ಟಿ ಮುಗಿದ 3ನೇ ದಿನ ಶುರು, 15ಕ್ಕೆ ಮುಗಿದೀತು, ಡಾಕ್ಟರಿಗೆ ಬೇಕಾಗುವುದು 21ಕ್ಕೆ. ನಡುವಿನ ಆರು ದಿನ ಅವಳದೇ ಬದಿಯ ಮೀಸಲು.

ಸಂಸ್ಥೆಗೆ ಕೊಟ್ಟ ದಿನಾಂಕ ಒಂದೇ, 59ನೇ ದಿನದ್ದು. ಒಳಗೆ ಯಾರಿಗೂ ದಿನಾಂಕ ಕೊಡಲಿಲ್ಲ. ನಿಮ್ಮ ಕೈಗೆ ಬಂದಾಗ ಬೇರೆ ಕೆಲಸ ಬದಿಗಿಟ್ಟು ಇದನ್ನೇ ಮಾಡಿ, ಮುಗಿದ ಗಳಿಗೆಯಲ್ಲಿ ಮುಂದಿನವರಿಗೆ ದಾಟಿಸಿ, ಬೇಗ ಕೊಟ್ಟವರ ಮುಂದಿನ ಅಂದಾಜನ್ನು ಅದರಿಂದ ಕತ್ತರಿಸುವುದಿಲ್ಲ. ಒಪ್ಪಂದ ಇಷ್ಟೇ. ದಿನಾಂಕವಿಲ್ಲದಿದ್ದರೆ ಮುಂದಿನವರು ಹೇಗೆ ತಯಾರಿರುತ್ತಾರೆ ಎಂದರೆ, ಕೆಲಸ ಅವರತ್ತ ಹೊರಡುವ ಐದು ದಿನ ಮೊದಲು ಒಂದು ಫೋನ್, ಹಿಂದಿನ ದಿನ ಇನ್ನೊಂದು. ಡಾಕ್ಟರಿಗೆ ಮೊದಲ ಭಾಗ ವಾಪಸು ಬರುವವರೆಗೆ ಎರಡನೇ ಭಾಗದ ಒಂದು ಪುಟವನ್ನೂ ಕಳಿಸಲಿಲ್ಲ. ಹಿಂದಿನ ಸಲ ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಒಂದು ರಾತ್ರಿ ಇದು, ಒಂದು ರಾತ್ರಿ ಅದು ಓದಿ, ಒಂದೇ ಕಾಯಿಲೆಗೆ ಎರಡು ಹೆಸರು ತಿದ್ದಿಕೊಟ್ಟಿದ್ದರು.

ಕೆಲಸ ಶುರುವಾದ ಮೇಲೆ ನಾನು ನೋಡುತ್ತಿದ್ದದ್ದು ಎರಡೇ ಅಂಕಿ: ಸರಪಳಿಯಲ್ಲಿ ಎಷ್ಟು ಮುಗಿದಿದೆ, ಮೀಸಲಿನಲ್ಲಿ ಎಷ್ಟು ಖರ್ಚಾಗಿದೆ. ಎಷ್ಟು ಪರ್ಸೆಂಟ್ ಆಗಿದೆ ಎಂದು ಯಾರನ್ನೂ ಕೇಳಬಾರದು. ತೊಂಬತ್ತು ಎಂದವರು ಎರಡು ವಾರ ತೊಂಬತ್ತರಲ್ಲೇ ಇರುತ್ತಾರೆ, ನಾನೇ ಇದ್ದೇನೆ. ಇನ್ನೆಷ್ಟು ದಿನ ಬೇಕು ಎಂದು ಮಾತ್ರ ಕೇಳಬೇಕು.

ಪದಪಟ್ಟಿ 3ರ ಬದಲು 5 ದಿನ ತಿಂದಿತು. ನನ್ನ ಭಾಗ 10ರ ಬದಲು 12. ಮೊದಲ ಎರಡು ಹೆಜ್ಜೆಯಲ್ಲೇ ಎರಡೂ ತಪ್ಪಿದವು, ನಾಲ್ಕು ದಿನ ಮೀಸಲಿನಿಂದ ಹೋಯಿತು. ಹಳೆಯ ಅಭ್ಯಾಸದಲ್ಲಿ ನನ್ನ ಎದೆ ಹೊಡೆದುಕೊಂಡಿತು. ಆದರೆ ಸರಪಳಿಯ ಮೂರನೇ ಒಂದು ಭಾಗ ಮುಗಿದಾಗ ಮೀಸಲಿನ ಐದನೇ ಒಂದು ಭಾಗ ಖರ್ಚು. ಗಾಬರಿಯ ಮಾತೇ ಅಲ್ಲ. ಡಾಕ್ಟರು 8 ದಿನದ ಕೆಲಸವನ್ನು 7ಕ್ಕೆ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಕಳಿಸಿದರು. ಉಳಿದ ಆ ಒಂದು ದಿನ ಮೀಸಲಿಗೆ ವಾಪಸು ಬಂತು. ಉಳಿದ ದಿನ ಮುಂದಕ್ಕೆ ದಾಟಿದ್ದನ್ನು ನನ್ನ ಎಷ್ಟೋ ವರ್ಷದ ಕೆಲಸದಲ್ಲಿ ಮೊದಲ ಸಲ ಕಂಡೆ.

ಈ ನಡುವೆ ಗೆಳತಿಯ ಅತ್ತೆಯವರಿಗೆ ಕಣ್ಣಿನ ಆಪರೇಷನ್ ಆಯಿತು. 12 ದಿನದ ಅನುವಾದ 16 ದಿನವಾಯಿತು. "ಸಾರಿ ಕಣೇ" ಎಂದು ಅವಳು ಶುರು ಮಾಡಿದಳು. ಅವಳು ಕೊಟ್ಟದ್ದು 21ನೇ ದಿನ, ಡಾಕ್ಟರ ಕೈ ಖಾಲಿಯಾದದ್ದು 24ನೇ ದಿನ. ಮೂರು ದಿನ ಇನ್ನೂ ಉಳಿದಿತ್ತು. ಸಾರಿ ಹೇಳಬೇಕಾದ ವಿಷಯವೇ ಇರಲಿಲ್ಲ, ಮತ್ತು ಈ ಸಲ ಅದು ನನಗೆ ಗೊತ್ತಿತ್ತು.

ಎರಡನೇ ಭಾಗದ ಪರಿಶೀಲನೆಯಲ್ಲಿ ನಿಜವಾದ ಪೆಟ್ಟು ಬಿತ್ತು. ಊರಿನಲ್ಲಿ ಜ್ವರದ ಕಾಲ, ಡಾಕ್ಟರಿಗೆ ರಾತ್ರಿಯೂ ಡ್ಯೂಟಿ. 6 ದಿನದ ಕೆಲಸಕ್ಕೆ ಎಂಟು ದಿನ ಕಳೆದ ಮೇಲೂ, ಇನ್ನೆಷ್ಟು ಬೇಕು ಸರ್ ಎಂದರೆ, "ಐದು ಬೇಕಾದೀತು" ಎಂದರು. (ಬೇಕಾದೀತು! ನಾನು ಮನಸ್ಸಿನಲ್ಲೇ ಕೈಮುಗಿದೆ.) ಏಳು ದಿನ ಹೆಚ್ಚು. ಮೀಸಲಿನ 20ರಲ್ಲಿ 10 ಹೋದ ಹಾಗೆ. ಮೀಸಲನ್ನು ಮೂರು ಪಾಲು ಮಾಡುವ ವಾಡಿಕೆ ಇದೆ. ಮೊದಲ ಪಾಲಿನಲ್ಲಿದ್ದರೆ ಏನೂ ಮಾಡಬೇಡಿ, ಎರಡನೇ ಪಾಲಿಗೆ ಬಂದರೆ ಉಪಾಯ ಯೋಚಿಸಿಡಿ, ಮೂರನೆಯದಕ್ಕೆ ಬಂದರೆ ಉಪಾಯವನ್ನು ನಡೆಸಿ. ನಾವು ನಡುವಿನ ಪಾಲಿನಲ್ಲಿದ್ದೆವು. ಡಾಕ್ಟರು ಅಧ್ಯಾಯ ಮುಗಿಸಿದ ಹಾಗೆಲ್ಲ ಕಳಿಸಿದರೆ ತಿದ್ದುಪಡಿಯನ್ನು ಮೊದಲೇ ಶುರು ಮಾಡಬಹುದು ಎಂದು ಯೋಚಿಸಿಟ್ಟೆ, ಮಾಡಲಿಲ್ಲ. ಅವರಿಗೆ ದಿನಾ ಫೋನ್ ಮಾಡಲೂ ಇಲ್ಲ. ಹೇಳಿದಂತೆ 13ನೇ ದಿನ ಕಳಿಸಿದರು.

ತಿದ್ದುಪಡಿ ಎರಡು ದಿನ ಹೆಚ್ಚಾಯಿತು. ಕೊನೆಗೆ ಡಿಟಿಪಿ. ಚಿತ್ರಗಳ ಒಳಗಿನ ಬರಹಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿದ್ದವು. ಪರಿವರ್ತಿಸಿದಾಗ ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಹಾರಿದವು, ಎಲ್ಲವನ್ನೂ ಕೈಯಿಂದ ಸರಿಮಾಡಬೇಕಾಯಿತು. 6 ದಿನದ ಬದಲು 10. ಆದರೆ ಫಾಂಟನ್ನು ಪೂರ್ತಿ ದೂರಲಾರೆ. ಅವರು 12ರಲ್ಲಿ ಗಾಳಿ ಇಲ್ಲ ಎಂದಿದ್ದರು. ಬಚ್ಚಿಟ್ಟವರ ಅಂಕಿಯನ್ನು ಅರ್ಧ ಮಾಡಿದರೆ ಬಚ್ಚಿಟ್ಟದ್ದು ಹೊರಬರುತ್ತದೆ. ಬಚ್ಚಿಡದವರ ಅಂಕಿಯನ್ನು ಅರ್ಧ ಮಾಡಿದರೆ ಬರುವುದು ಸುಳ್ಳು ಅಂಕಿ. ಅಲ್ಲಿ ಹೋದ ನಾಲ್ಕು ದಿನದ ದೊಡ್ಡ ಪಾಲು ನನ್ನದೇ ತಪ್ಪು. ಈ ವಿಧಾನವನ್ನು ಟೀಕಿಸುವವರು ಮೊದಲು ಬೆರಳಿಡುವುದೂ ಈ ಕುರುಡು ಅರ್ಧದ ಮೇಲೆಯೇ. ಮುಂದಿನ ಸಲ ಅವರ ಹೆಸರಿನ ಮುಂದೆ 9 ಅಥವಾ 10 ಬರೆಯುತ್ತೇನೆ.

ಡಿಟಿಪಿ ಮುಗಿದಾಗ ಮೀಸಲಿನಲ್ಲಿ 16 ದಿನ ಖರ್ಚು, ಉಳಿದದ್ದು 4. ಮೂರು ಪಾಲಿನ ಲೆಕ್ಕದಲ್ಲಿ ಇದು ಕೆಂಪು. ಆದರೆ ಮುಂದೆ ಉಳಿದಿದ್ದ ಕೆಲಸ ಮೂರೇ ದಿನದ ಪ್ರೂಫ್. ಮೂರು ದಿನದ ಕೆಲಸಕ್ಕೆ ನಾಲ್ಕು ದಿನದ ಮೀಸಲು ಎಂದರೆ ಶ್ರೀಮಂತಿಕೆ. ಹಾಗಾಗಿ ಖರ್ಚನ್ನು ಯಾವಾಗಲೂ ಮುಗಿದ ಕೆಲಸದ ಜೊತೆಗಿಟ್ಟೇ ನೋಡಬೇಕು. ಇದೇ 16 ದಿನ ಡಾಕ್ಟರ ಮೊದಲ ಭಾಗದ ಹೊತ್ತಿಗೇ ಖರ್ಚಾಗಿದ್ದರೆ ನಾನು ಅಂದೇ ಸಂಸ್ಥೆಗೆ ಫೋನ್ ಮಾಡುತ್ತಿದ್ದೆ. ಪ್ರೂಫ್ ಎರಡೇ ದಿನದಲ್ಲಿ ಮುಗಿಯಿತು. 54ನೇ ದಿನ ಪುಸ್ತಕ ಹೋಯಿತು.

ನಮ್ಮ ಏಳು ಅಂಕಿಗಳಲ್ಲಿ ಐದು ತಪ್ಪಿದವು, ಎರಡು ಮಾತ್ರ ಉಳಿಸಿದವು. ಎರಡು ಸಲಕ್ಕೆ ಒಂದು ಸಲ ತಪ್ಪಬೇಕಾದ ಅಂಕಿಗಳು ಅದಕ್ಕಿಂತ ಹೆಚ್ಚೇ ತಪ್ಪಿದವು, ಅಂದರೆ ನಾವು ಸ್ವಲ್ಪ ಬಿಗಿಯಾಗಿಯೇ ಹಿಡಿದಿದ್ದೆವು. 39 ದಿನದ ಆ ಒಳಗಿನ ಹಾಳೆ ಹೊರಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಬೆವರುತ್ತೇನೆ. ದುಡ್ಡು ಕೊಡುವವರ ಕಣ್ಣಿಗೆ ಕೊನೆಯ 20 ದಿನ ಖಾಲಿ ಜಾಗ, ಮೊದಲು ಕತ್ತರಿ ಬೀಳುವುದೇ ಅಲ್ಲಿಗೆ. ಅಂದಾಜುಗಳನ್ನು ಅರ್ಧ ಮಾಡಿಸಿ ಮೀಸಲನ್ನೂ ಕಿತ್ತುಕೊಂಡರೆ ಆಗ ಉಳಿಯುವುದು ಏಳು ಕೆಲಸಕ್ಕೆ ಏಳು ಸುಳ್ಳು ಗಡುವು. ಒಂದು ಸಲ ಹಾಗಾದರೆ ಸಾಕು, ಡಾಕ್ಟರು ಆಮೇಲೆ ಯಾವತ್ತೂ 'ಬೇಕಾದೀತು' ಎನ್ನುವುದಿಲ್ಲ. ಎಲ್ಲರೂ ರೈಲಿನ ಲೆಕ್ಕಕ್ಕೆ ವಾಪಸು ಹೋಗುತ್ತಾರೆ, ನಾನೂ.

ಕಳೆದ ವಾರ ಸಂಸ್ಥೆಯಿಂದ ಮೂರನೇ ಸಂಪುಟದ ಪತ್ರ ಬಂದಿದೆ. ಎರಡನೆಯದನ್ನು 54 ದಿನದಲ್ಲಿ ಮುಗಿಸಿಕೊಟ್ಟದ್ದಕ್ಕೆ ಧನ್ಯವಾದ, ಇದೇ ಅಳತೆಯಲ್ಲಿ ಮೂರನೆಯದನ್ನೂ 54 ದಿನಕ್ಕೆ ಒಪ್ಪಿಕೊಳ್ಳುವಿರಾ ಎಂದು ಕೇಳಿದ್ದಾರೆ. ಗೆಳತಿಗೆ ಓದಿ ಹೇಳಿದೆ. "ಐದು ದಿನ ಇಟ್ಕೊಂಡು ಕಳಿಸ್ಬೇಕಿತ್ತು ನೋಡು" ಅಂದಳು, ತಮಾಷೆಗೋ ಅಲ್ಲವೋ ಗೊತ್ತಾಗಲಿಲ್ಲ. ಡಿಟಿಪಿಗೆ 10 ಹಾಕಿ ಲೆಕ್ಕ ಮತ್ತೆ ಮಾಡಿದೆ. ಸರಪಳಿ 43, ಮೀಸಲು 18, ಒಟ್ಟು 61. 61 ಎಂದೇ ಬರೆದು, ಕೆಳಗೆ ಡಾಕ್ಟರ ಏಳು ದಿನದ ಕಥೆಯನ್ನು ಎರಡು ಸಾಲಿನಲ್ಲಿ ಹೇಳಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.